ಫೋನ್ ಮುಚ್ಚುವ ಮುನ್ನ ಮೂರು ಫೋಟೊ

ಐಫೋನ್ 12ರ ಅಸಲಿ ಬ್ಯಾಟರಿಯ ಲೇಬಲ್ ಮೇಲೆ ಮೂರು ಸಂಖ್ಯೆಗಳಿರುತ್ತವೆ: 2815 ಎಂಎಎಚ್, 3.83 ವೋಲ್ಟ್, 10.78 ವ್ಯಾಟ್ ಅವರ್. ಮೊದಲ ಎರಡನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ಮೂರನೆಯದು ಬರಲೇಬೇಕು. ನಕಲಿ ಲೇಬಲ್ ಅಚ್ಚು ಹಾಕುವವರು ಎಡವುವುದು ಎಷ್ಟೋ ಸಲ ಈ ಸಣ್ಣ ಲೆಕ್ಕದಲ್ಲೇ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲೋ ಕೈಗೆ ಬಂದ ಬ್ಯಾಟರಿಯ ಮೇಲೆ 3300 ಎಂಎಎಚ್ ಎಂದಿದೆ ಎನ್ನೋಣ. ಅದರ ಕೆಳಗೆ 3.83 ವೋಲ್ಟ್, 10.78 ವ್ಯಾಟ್ ಅವರ್. ಲೆಕ್ಕ ಮಾಡಿದರೆ 12.64 ಬರಬೇಕಿತ್ತು. ಹಳೆಯ ಲೇಬಲ್ಲನ್ನೇ ನಕಲು ಮಾಡಿ, ಗಿರಾಕಿಯ ಕಣ್ಣು ಸೆಳೆಯುವ ಒಂದು ಸಂಖ್ಯೆಯನ್ನು ಮಾತ್ರ ಹಿಗ್ಗಿಸಿದ್ದಾರೆ. ಇನ್ನು ಕೆಲವು ಬ್ಯಾಟರಿಗಳಲ್ಲಿ ಲೆಕ್ಕ ಸರಿ ಇದ್ದರೂ ಸಂಖ್ಯೆ 2815 ಅಲ್ಲ. ಅದು ಕೆಟ್ಟ ಬ್ಯಾಟರಿ ಎಂದು ಅಷ್ಟಕ್ಕೇ ತೀರ್ಮಾನಿಸಬೇಕಿಲ್ಲ, ಆದರೆ ಆಪಲ್ ಕಂಪನಿಯದಲ್ಲ ಎನ್ನುವುದಂತೂ ಖಚಿತ.

ಭಾರತದಲ್ಲಿ ಮಾರುವ ಮೊಬೈಲ್ ಬ್ಯಾಟರಿಗೆ ಐಎಸ್ 16046 ಮಾನದಂಡದಡಿ ಬಿಐಎಸ್ ನೋಂದಣಿ ಕಡ್ಡಾಯ. ಲೇಬಲ್ ಮೇಲೆ R ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ನೋಂದಣಿ ಯಾವ ತಯಾರಕರದು ಎಂದು ತಿಳಿಯುತ್ತದೆ. ಅಲ್ಲಿ ಬಂದ ಹೆಸರಿಗೂ ಲೇಬಲ್ಲಿನ ಹೆಸರಿಗೂ ಸಂಬಂಧವೇ ಇಲ್ಲದಿದ್ದರೆ ಆ ಬ್ಯಾಟರಿ ಬೇಡ.

ಎರಡನೆಯ ಫೋಟೊ ಕನೆಕ್ಟರಿನದು, ಅಂದರೆ ಬ್ಯಾಟರಿಯ ತೆಳು ಪಟ್ಟಿಯ ತುದಿಯಲ್ಲಿ ಚಿನ್ನದ ಬಣ್ಣದ ಪಿನ್ನುಗಳಿರುವ ಪುಟ್ಟ ಜೋಡಣೆಯದು. ಫ್ಲ್ಯಾಶ್ ಹಾಕಿದರೆ ಪಿನ್ನುಗಳು ಹೊಳೆದು ಏನೂ ಕಾಣುವುದಿಲ್ಲ. ಕಿಟಕಿಯ ಬೆಳಕಿನಲ್ಲಿ, ಒಂದು ಗೇಣು ದೂರದಿಂದ, ಜೂಮ್ ಮಾಡಿ ತೆಗೆಯಬೇಕು. ಹೊಸದೆಂದು ಕೊಟ್ಟ ಬಿಡಿಭಾಗದ ಪಿನ್ನುಗಳ ಮೇಲೆ ಉಜ್ಜಿದ ಗೆರೆಗಳಿದ್ದರೆ ಅದನ್ನು ಮೊದಲೇ ಇನ್ನೊಂದು ಫೋನಿಗೆ ಜೋಡಿಸಿ ಕಳಚಿರಬಹುದು.

ಇದಕ್ಕಿಂತ ಮುಖ್ಯವಾದ ಜಾಗ ಪಟ್ಟಿಯ ಇನ್ನೊಂದು ಕೊನೆಯಲ್ಲಿದೆ. ಅಲ್ಲಿ, ಟೇಪಿನ ಅಡಿಯಲ್ಲಿ, ಬ್ಯಾಟರಿಯ ಗುರುತು ಮತ್ತು ಚಾರ್ಜ್ ಲೆಕ್ಕವನ್ನು ಇಟ್ಟುಕೊಳ್ಳುವ ಚಿಕ್ಕ ಬೋರ್ಡ್ ಕೂತಿರುತ್ತದೆ. ಹಳೆಯ ಅಸಲಿ ಬ್ಯಾಟರಿಯಿಂದ ಈ ಬೋರ್ಡನ್ನು ಕತ್ತರಿಸಿ ತೆಗೆದು, ಬೇರೆ ಯಾರೋ ಮಾಡಿದ ಸೆಲ್ಲಿಗೆ ಬೆಸೆಯುವ ರೂಢಿಯುಂಟು. ಫೋನು ಬೋರ್ಡನ್ನು ಗುರುತಿಸುತ್ತದೆಯೇ ಹೊರತು ಸೆಲ್ಲನ್ನಲ್ಲ. ಎರಡನೇ ಸಲ ಸುತ್ತಿದ ಸುಕ್ಕುಗಟ್ಟಿದ ಟೇಪು, ಓರೆಕೋರೆಯಾದ ಬೆಸುಗೆಯ ಚುಕ್ಕೆ, ಒರೆಸದೆ ಉಳಿದ ಅಂಟು ಫ್ಲಕ್ಸ್ ಈ ಕೈಕೆಲಸವನ್ನು ಬಯಲು ಮಾಡುತ್ತವೆ. ಬೆಸುಗೆ ಕೆಟ್ಟರೆ ಫೋನು ತಟ್ಟನೆ ಆರಿಹೋಗಬಹುದು, ಸೆಲ್ಲಿಗೆ ಬಿಸಿ ಹೆಚ್ಚು ತಗುಲಿದ್ದರೆ ಅಪಾಯ ಇನ್ನೂ ದೊಡ್ಡದು. ಆದ್ದರಿಂದ ಮೂರರಲ್ಲಿ ಒಂದೇ ಫೋಟೊಗೆ ಸಮಯವಿದ್ದರೆ ತೆಗೆಯಬೇಕಾದ್ದು ಇದನ್ನೇ.

ಅಂಗಡಿಯ ಮಾತಿನಲ್ಲಿ 'ಫೋಲ್ಡರ್' ಅಥವಾ 'ಕಾಂಬೊ' ಎನಿಸಿಕೊಳ್ಳುವ ಪರದೆಗೆ ಮೂರನೆಯ ಫೋಟೊ. ಐಫೋನ್ 12ರದು ಓಎಲ್‌ಇಡಿ ಪರದೆ; ಕಪ್ಪು ಚಿತ್ರ ಬಂದಾಗ ಅದರ ಚುಕ್ಕೆಗಳೇ ಆರಿಹೋಗುತ್ತವೆ. ಅಗ್ಗದ 'ಇನ್‌ಸೆಲ್' ಪರದೆ ಎಲ್‌ಸಿಡಿ. ಅದರ ಹಿಂದೆ ಸದಾ ದೀಪ ಉರಿಯುವುದರಿಂದ ಕಪ್ಪು ಬೂದಿಯಾಗಿ ಕಾಣುತ್ತದೆ. ಅಂಗಡಿಯ ಝಗಮಗ ಬೆಳಕಿನಲ್ಲಿ ಇದು ತಿಳಿಯದು. ಕತ್ತಲು ಮಾಡಿ, ಅಸಲಿ ಪರದೆಯ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು, ಎರಡರಲ್ಲೂ ಕಪ್ಪು ಚಿತ್ರ ತೆರೆದು, ಒಂದೇ ಫೋಟೊದಲ್ಲಿ ಎರಡನ್ನೂ ಹಿಡಿಯಬೇಕು. ಬೇರೆ ಬೇರೆ ತೆಗೆದರೆ ಕ್ಯಾಮೆರಾ ಪ್ರತಿ ಸಲ ಬೆಳಕನ್ನೂ ಬಣ್ಣವನ್ನೂ ತಾನೇ ತಿದ್ದಿ ವ್ಯತ್ಯಾಸವನ್ನು ಅಳಿಸಿಬಿಡುತ್ತದೆ.

ಬಿಳಿ ಬಣ್ಣ ಹೋಲಿಸುವುದಾದರೆ ಮೊದಲು ಎರಡೂ ಫೋನುಗಳಲ್ಲಿ True Tone, Night Shift ಆರಿಸಿ, ಹೊಳಪನ್ನು ಸಮ ಮಾಡಬೇಕು. ಆಮೇಲೂ ಕಾಣುವ ಅಲ್ಪ ಹಳದಿ ಛಾಯೆ ನಕಲಿಗೆ ಸಾಕ್ಷಿಯಲ್ಲ. ಅಸಲಿ ಪರದೆಗಳಲ್ಲೂ ಒಂದಕ್ಕೊಂದಕ್ಕೆ ತುಸು ಭೇದವಿರುತ್ತದೆ, ವಯಸ್ಸಾದಂತೆ ಓಎಲ್‌ಇಡಿಯ ಬಣ್ಣವೂ ಮಾಸುತ್ತದೆ.

'ಹಾರ್ಡ್ ಓಎಲ್‌ಇಡಿ' ಎಂಬ ನಕಲು ಕಪ್ಪಿನ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದನ್ನು ಅಂಚು ನೋಡಿ ಹಿಡಿಯಬಹುದು. ಅಸಲಿ ಪರದೆಯ ತಳ ಬಾಗುವ ಪ್ಲಾಸ್ಟಿಕ್ಕಿನದು. ತುದಿಯನ್ನು ಹಿಂದಕ್ಕೆ ಮಡಚಿರುವುದರಿಂದ ಕಪ್ಪು ಅಂಚು ನಾಲ್ಕೂ ಕಡೆ ಸಮನಾಗಿರುತ್ತದೆ. ಗಾಜಿನ ತಳವನ್ನು ಹಾಗೆ ಮಡಚಲಾಗದು, ಆದ್ದರಿಂದ ಅಂಚು ದಪ್ಪಗಾಗುತ್ತದೆ. ಒಳ್ಳೆಯ 'ಸಾಫ್ಟ್ ಓಎಲ್‌ಇಡಿ' ನಕಲು ಮಾತ್ರ ಇದನ್ನೂ ದಾಟಬಲ್ಲದು.

ಐಓಎಸ್ 15.2ರಿಂದೀಚೆಗೆ Settings > General > About ಪುಟದಲ್ಲಿ ಬದಲಾದ ಬಿಡಿಭಾಗದ ವಿವರ ಸಿಗುತ್ತದೆ. Unknown Part ಎಂದಿದ್ದರೆ ಅಂಗಡಿಯವರನ್ನು ವಿಚಾರಿಸಲು ಅದೇ ಸಾಕು. ಏನೂ ಇಲ್ಲದಿದ್ದರೆ ನಿಶ್ಚಿಂತೆ ಎನ್ನುವಂತಿಲ್ಲ, ಏಕೆಂದರೆ ಬೋರ್ಡ್ ಬೆಸೆಯುವವರ ಉದ್ದೇಶವೇ ಈ ಸೂಚನೆ ಬಾರದಂತೆ ಮಾಡುವುದು. ಹಾಗಾಗಿ ಬ್ಯಾಟರಿಯ ಫೋಟೊಗಳನ್ನು ಅದು ಒಳಗೆ ಕೂರುವ ಮೊದಲೇ ತೆಗೆಯಬೇಕು, ಪರದೆಯದನ್ನು ಅಂಟಿಸುವ ಮೊದಲು ಕನೆಕ್ಟರ್ ಹಾಕಿ ಬೆಳಗಿಸಿದಾಗ. ಒಮ್ಮೆ ಮುಚ್ಚಿದ ಫೋನನ್ನು ಮತ್ತೆ ಬಿಚ್ಚಿದರೆ ನೀರು ತಡೆಯುವ ಅಂಟನ್ನು ಹೊಸದಾಗಿ ಹಾಕಬೇಕಾಗುತ್ತದೆ. ಬಿಲ್ಲಿನಲ್ಲಿ 'ಡಿಸ್‌ಪ್ಲೇ' ಎಂದಷ್ಟೇ ಬರೆಸದೆ ಇನ್‌ಸೆಲ್ಲೋ, ಹಾರ್ಡೋ, ಸಾಫ್ಟೋ ಎಂಬುದನ್ನೂ ಬ್ಯಾಟರಿಯ R ಸಂಖ್ಯೆಯನ್ನೂ ಬರೆಸಿಕೊಂಡರೆ, ಮುಂದೆ ತಕರಾರು ಬಂದಾಗ ಫೋಟೊಗಳ ಜೊತೆ ಅದೂ ಕೈಯಲ್ಲಿರುತ್ತದೆ.