ಫೋನಿನಲ್ಲಿ ಆಡಿದ ಮಾತು, ಕಡತದಲ್ಲಿ ಉಳಿಯುವ ದಾಖಲೆ

ವೈದ್ಯರು ರೋಗಿಯೊಡನೆ ಅಥವಾ ರೋಗಿಯ ಮನೆಯವರೊಡನೆ ದೂರವಾಣಿಯಲ್ಲಿ ಮಾತನಾಡಿ ಸಲಹೆ ನೀಡುವುದಕ್ಕೆ ದೂರವಾಣಿ ಸಮಾಲೋಚನೆ ಎಂದು ಹೆಸರು. ಆ ಮಾತುಕತೆಯನ್ನು ಆಡಿದಂತೆಯೇ ಅಕ್ಷರಕ್ಕಿಳಿಸಿದರೆ ದೊರೆಯುವ ಲಿಖಿತ ಪ್ರತಿ ಹಲವು ಪುಟಗಳಷ್ಟು ಬೆಳೆಯುತ್ತದೆ. ಮರುದಿನ ಅದೇ ಮನೆಯಿಂದ ಬರುವ ಕರೆಯನ್ನು ಎತ್ತಿಕೊಳ್ಳುವ ಇನ್ನೊಬ್ಬ ವೈದ್ಯರಿಗೆ ಅಷ್ಟನ್ನೂ ಓದುವ ಬಿಡುವು ಇರುವುದಿಲ್ಲವಾದ್ದರಿಂದ, ಅದನ್ನು ತೊಂದರೆ, ಕೊಟ್ಟ ಸಲಹೆ ಮತ್ತು ಅಪಾಯದ ಚಿಹ್ನೆಗಳು ಎಂಬ ಮೂರು ಭಾಗಗಳ ಕಿರು ದಾಖಲೆಯಾಗಿ ಇಳಿಸಬೇಕಾಗುತ್ತದೆ. ಭಾರತದಲ್ಲಿ 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ಇಂತಹ ಸಮಾಲೋಚನೆಯ ದಾಖಲೆಯನ್ನು ಇಟ್ಟುಕೊಳ್ಳುವ ಹೊಣೆಯನ್ನು ವೈದ್ಯರ ಮೇಲೆಯೇ ಹೊರಿಸಿದೆ.

ಆಸ್ಪತ್ರೆಯ ಕಡತಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವು ನಾಲ್ಕು ಭಾಗಗಳದ್ದು. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ರೂಪಿಸಿದ ಈ ಕ್ರಮದಲ್ಲಿ ರೋಗಿ ಹೇಳಿದ್ದು, ವೈದ್ಯರು ಪರೀಕ್ಷಿಸಿ ಕಂಡದ್ದು, ಅದರಿಂದ ತಲುಪಿದ ನಿರ್ಣಯ, ಮುಂದೆ ಮಾಡಬೇಕಾದದ್ದು ಎಂಬ ನಾಲ್ಕು ಮನೆಗಳಿವೆ. ಫೋನಿನಲ್ಲಿ ಈ ಎರಡನೆಯ ಮನೆ ಬಹುಮಟ್ಟಿಗೆ ಖಾಲಿಯಾಗಿಯೇ ಉಳಿಯುತ್ತದೆ, ಏಕೆಂದರೆ ವೈದ್ಯರು ಮಗುವಿನ ಕಣ್ಣು ಗುಳಿಬಿದ್ದಿದೆಯೇ ಎಂದು ನೋಡಲಾರರು, ಹೊಟ್ಟೆಯ ಚರ್ಮವನ್ನು ಚಿವುಟಿ ಅದು ಎಷ್ಟು ಬೇಗ ಹಿಂದಕ್ಕೆ ಹೋಗುತ್ತದೆಂದು ಪರೀಕ್ಷಿಸಲಾರರು. ಹೀಗೆ ಕಣ್ಣಿನ ಸಾಕ್ಷಿ ಇಲ್ಲದಿರುವಾಗ ಇಡೀ ಭಾರವು ಎರಡು ವಿಷಯಗಳ ಮೇಲೆ ಬೀಳುತ್ತದೆ: ಕೇಳಿದ ಪ್ರಶ್ನೆಗೆ ಬಂದ ಉತ್ತರ ನಿಖರವಾಗಿ ಏನು, ಮತ್ತು ಸ್ಥಿತಿ ಕೆಟ್ಟರೆ ಏನು ಮಾಡಬೇಕೆಂದು ಮನೆಯವರಿಗೆ ಹೇಳಲಾಗಿದೆಯೇ. ದೂರವಾಣಿ ದಾಖಲೆಯಲ್ಲಿ ಅಪಾಯದ ಚಿಹ್ನೆಗಳಿಗೆ ಪ್ರತ್ಯೇಕ ಸ್ಥಾನ ಬೇಕಾಗುವುದು ಇದೇ ಕಾರಣಕ್ಕೆ.

ದಾಖಲೆ ರೂಪುಗೊಳ್ಳುವ ಬಗೆಯನ್ನು ತಿಳಿಯಲು, ವಿವರಣೆಗಾಗಿಯೇ ಕಲ್ಪಿಸಿದ ಒಂದು ಕರೆಯ ಮುಖ್ಯ ಭಾಗವನ್ನು ನೋಡಬಹುದು. ಮಾರ್ಚ್ 5ರ ಬೆಳಿಗ್ಗೆ 10 ಗಂಟೆಗೆ 14 ತಿಂಗಳ ಗಂಡುಮಗುವಿನ ತಾಯಿ ಕರೆ ಮಾಡಿದ್ದಾಳೆ.

ವೈದ್ಯೆ: ಹೇಳಿ ಅಮ್ಮಾ, ಮಗುಗೆ ಏನಾಗ್ತಿದೆ?
ತಾಯಿ: ನಿನ್ನೆ ರಾತ್ರಿಯಿಂದ ಒಂದೇ ಸಮ ಭೇದಿ ಮೇಡಂ, ನೀರು ನೀರಾಗಿ ಹೋಗ್ತಿದೆ. ಬೆಳಿಗ್ಗೆಯಿಂದ ಐದಾರು ಸಲ ಆಯ್ತು. ಹಲ್ಲು ಬರ್ತಿದೆಯಲ್ಲ, ಅದಕ್ಕೇ ಅಂತಾರೆ ನಮ್ಮತ್ತೆ.
ವೈದ್ಯೆ: ವಾಂತಿ, ಕಕ್ಕದಲ್ಲಿ ರಕ್ತ, ಜ್ವರ ಏನಾದ್ರೂ ಇದೆಯಾ?
ತಾಯಿ: ಇಲ್ಲ ಮೇಡಂ, ಮೈ ಬಿಸಿ ಇಲ್ಲ. ಒಂದು ಸಲ ಹಾಲು ಕಕ್ಕಿದ, ಅಷ್ಟೇ.
ವೈದ್ಯೆ: ಎದೆಹಾಲು ಕುಡೀತಾನಾ? ಆಟ ಆಡ್ತಾನಾ?
ತಾಯಿ: ಕುಡೀತಾನೆ. ಸ್ವಲ್ಪ ಸಪ್ಪಗಿದ್ದಾನೆ. ಕರೆದ್ರೆ ನೋಡ್ತಾನೆ, ನಗ್ತಾನೆ. ಈಗ ಅರ್ಧ ಗಂಟೆ ಹಿಂದೆ ಉಚ್ಚೆನೂ ಮಾಡಿದ.
ವೈದ್ಯೆ: ಓಆರ್‌ಎಸ್ ಇದ್ರೆ ಒಂದು ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ.
ತಾಯಿ: ಮೆಡಿಕಲ್‌ನಿಂದ ತಂದಿದ್ದು ಮೇಡಂ, ಚಿಕ್ಕ ಪ್ಯಾಕೆಟ್ಟು. ಇನ್ನೂರು ಎಂಎಲ್ ಅಂತ ಬರೆದಿದೆ.
ವೈದ್ಯೆ: ಹಾಗಾದ್ರೆ ಲೀಟರ್ ಬೇಡ, ಇನ್ನೂರು ಎಂಎಲ್‌ಗೆ ಮಾತ್ರ ಕಲಸಿ. ಪ್ರತಿ ಸಲ ಭೇದಿ ಆದ್ಮೇಲೆ ಅದರಲ್ಲಿ ಕಾಲು ಭಾಗದಿಂದ ಅರ್ಧ ಭಾಗ, ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ಜಿಂಕ್ ಮಾತ್ರೆ ಇಪ್ಪತ್ತು ಎಂಜಿದು ದಿನಕ್ಕೊಂದು, ಹದಿನಾಲ್ಕು ದಿನ. ಭೇದಿ ನಿಂತ್ರೂ ಬಿಡಬೇಡಿ. ಎದೆಹಾಲು, ಊಟ ನಿಲ್ಲಿಸ್ಬೇಡಿ. ಕುಡಿಸಿದ್ದೆಲ್ಲ ಕಕ್ಕಿದರೆ, ಹಾಲು ಕುಡಿಯದೇ ಹೋದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾದರೆ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಬನ್ನಿ.
ತಾಯಿ: ಹೂಂ ಮೇಡಂ.

ಮೊದಲ ಭಾಗವಾದ ತೊಂದರೆಯಲ್ಲಿ ಬರಬೇಕಾದದ್ದು ಏನಾಗುತ್ತಿದೆ, ಯಾವಾಗಿನಿಂದ, ಎಷ್ಟು ಎಂಬ ಮೂರು ಸಂಗತಿಗಳು. ‘ನಿನ್ನೆ ರಾತ್ರಿ’ ಎಂಬುದು ಮಾತಿನಲ್ಲಿ ಸ್ಪಷ್ಟವಾಗಿದ್ದರೂ ಎರಡು ದಿನ ಕಳೆದ ಮೇಲೆ ಕಡತದಲ್ಲಿ ಅರ್ಥ ಕಳೆದುಕೊಳ್ಳುವುದರಿಂದ ಅದನ್ನು ‘ಮಾರ್ಚ್ 4ರ ರಾತ್ರಿಯಿಂದ’ ಎಂದು ಬರೆಯಬೇಕು. ‘ಐದಾರು’ ಎಂಬುದನ್ನು ಮಾತ್ರ 5–6 ಎಂದೇ ಉಳಿಸಬೇಕು, ಏಕೆಂದರೆ ಅದನ್ನು 6 ಎಂದು ಬರೆದರೆ ತಾಯಿ ಎಣಿಸದ ಸಂಖ್ಯೆಯೊಂದನ್ನು ಅವಳ ಬಾಯಿಗೆ ಇಟ್ಟಂತಾಗುತ್ತದೆ. ‘ಸಪ್ಪಗಿದ್ದಾನೆ’ ಎಂಬ ಮಾತು ಇನ್ನಷ್ಟು ಎಚ್ಚರ ಬೇಡುತ್ತದೆ. ಅದನ್ನು ವೈದ್ಯಕೀಯ ಪದಕ್ಕೆ ತಿರುಗಿಸುವ ಆತುರದಲ್ಲಿ ‘ಮಂಕು ಕವಿದಿದೆ’ ಎಂದು ಬರೆದರೆ ಅದು ಮಕ್ಕಳ ಚಿಕಿತ್ಸೆಯಲ್ಲಿ ತುರ್ತು ಅಪಾಯದ ಚಿಹ್ನೆಯಾಗಿಬಿಡುತ್ತದೆ. ಕರೆದರೆ ನೋಡಿ ನಗುವ ಮಗುವಿಗೆ ಆ ಮಾತು ಒಪ್ಪುವುದಿಲ್ಲ. ಇಂತಹ ಕಡೆ ತಾಯಿಯ ಪದವನ್ನೇ ಉದ್ಧರಣ ಚಿಹ್ನೆಯೊಳಗಿಟ್ಟು ಅವಳು ಕೊಟ್ಟ ವಿವರವನ್ನು ಪಕ್ಕದಲ್ಲಿ ಸೇರಿಸುವುದೇ ಸರಿಯಾದ ಕ್ರಮ. ಹಲ್ಲು ಬರುವುದರಿಂದ ಭೇದಿಯಾಗುತ್ತಿದೆ ಎಂಬ ಅತ್ತೆಯ ಅಭಿಪ್ರಾಯವು ರೋಗಕಾರಣವಲ್ಲವಾದರೂ, ಆ ನಂಬಿಕೆಯಿಂದ ಮನೆಯವರು ಆಸ್ಪತ್ರೆಗೆ ಬರಲು ತಡಮಾಡಬಹುದಾದ್ದರಿಂದ, ಅದನ್ನು ಮನೆಯವರ ಅನಿಸಿಕೆ ಎಂದು ಹೆಸರಿಸಿ ಒಂದು ಸಾಲಿನಲ್ಲಿ ಉಳಿಸುವುದು ಒಳ್ಳೆಯದು.

ಈ ಕರೆಯಲ್ಲಿ ಅತ್ಯಂತ ಸುಲಭವಾಗಿ ತಪ್ಪಾಗುವ ಜಾಗವೆಂದರೆ ತಾಯಿಯ ‘ಇಲ್ಲ ಮೇಡಂ’ ಎಂಬ ಉತ್ತರ. ವೈದ್ಯೆ ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ. ಬಂದಿರುವ ‘ಇಲ್ಲ’ ಒಂದೇ. ಅವಸರದ ಓದುಗನು ‘ವಾಂತಿ ಇಲ್ಲ, ರಕ್ತ ಇಲ್ಲ, ಜ್ವರ ಇಲ್ಲ’ ಎಂದು ಮೂರನ್ನೂ ತಳ್ಳಿಹಾಕಿ ಬರೆಯುತ್ತಾನೆ. ಆದರೆ ಅದರ ಬೆನ್ನಿಗೇ ತಾಯಿ ಮಗು ಒಂದು ಸಲ ಕಕ್ಕಿದ್ದನ್ನು ಹೇಳಿದ್ದಾಳೆ, ಅಂದರೆ ಆ ‘ಇಲ್ಲ’ ವಾಂತಿಗೆ ಅನ್ವಯಿಸುವುದಿಲ್ಲವೆಂದು ಅವಳ ಮಾತಿನಿಂದಲೇ ಸಿದ್ಧವಾಗುತ್ತದೆ. ಮೈ ಬಿಸಿ ಇಲ್ಲವೆಂದದ್ದು ಜ್ವರಕ್ಕೆ ಉತ್ತರ. ರಕ್ತದ ಪ್ರಶ್ನೆ ಕೇಳಲ್ಪಟ್ಟಿದ್ದರೂ ಉತ್ತರ ಪಡೆಯದೆ ಉಳಿದಿದೆ. ಆದ್ದರಿಂದ ದಾಖಲೆಯಲ್ಲಿ ಪ್ರತಿ ಚಿಹ್ನೆಗೂ ‘ಇದೆ’, ‘ಇಲ್ಲ’ ಎಂಬ ಎರಡೇ ಆಯ್ಕೆಗಳಿದ್ದರೆ ಸಾಲದು. ‘ಕೇಳಿದೆ, ಉತ್ತರವಿಲ್ಲ’ ಮತ್ತು ‘ಕೇಳಿಲ್ಲ’ ಎಂಬ ಇನ್ನೆರಡು ಬೇಕು. ಕಣ್ಣು ಗುಳಿಬಿದ್ದಿರುವ ಬಗ್ಗೆ ಮತ್ತು ಬಾಯಾರಿಕೆಯ ಬಗ್ಗೆ ಈ ಕರೆಯಲ್ಲಿ ವೈದ್ಯೆ ಕೇಳಿಯೇ ಇಲ್ಲವಾದ್ದರಿಂದ ಅವು ಕೊನೆಯ ಗುಂಪಿಗೆ ಸೇರುತ್ತವೆ. ಕೇಳದೇ ಇದ್ದುದನ್ನು ಇಲ್ಲವೆಂದು ಬರೆಯುವುದು ಸಂಕ್ಷೇಪವಲ್ಲ, ಸುಳ್ಳು ಸಾಕ್ಷಿ.

ಎರಡನೆಯ ಭಾಗವಾದ ಸಲಹೆಯಲ್ಲಿನ ತೊಡಕು ಬೇರೆ ಬಗೆಯದು. ಮಾತಿನಲ್ಲಿ ಮನುಷ್ಯರು ತಿದ್ದಿಕೊಳ್ಳುತ್ತಾರೆ, ಲಿಖಿತ ಪ್ರತಿಯಲ್ಲಿ ತಪ್ಪೂ ತಿದ್ದುಪಡಿಯೂ ಎರಡೂ ಉಳಿಯುತ್ತವೆ. ಭಾರತದ ಔಷಧಿ ಅಂಗಡಿಗಳಲ್ಲಿ ಒಂದು ಲೀಟರಿಗೆ ಬೆರೆಸುವ ದೊಡ್ಡ ಓಆರ್‌ಎಸ್ ಪ್ಯಾಕೆಟ್ಟೂ 200 ಎಂಎಲ್‌ಗೆ ಬೆರೆಸುವ ಚಿಕ್ಕ ಪ್ಯಾಕೆಟ್ಟೂ ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ದ್ರಾವಣದಲ್ಲಿ ಉಪ್ಪು, ಗ್ಲೂಕೋಸ್ ಮುಂತಾದವು ಒಟ್ಟು 20.5 ಗ್ರಾಂ ಇರಬೇಕು. ಸಕ್ಕರೆಯ ಅಂಶವು ಕರುಳಿನ ಗೋಡೆಯ ಮೂಲಕ ಉಪ್ಪನ್ನು ತನ್ನೊಡನೆ ಒಳಗೆ ಕರೆದೊಯ್ಯುವುದರಿಂದಲೂ ಅವುಗಳ ಹಿಂದೆ ನೀರು ಹೋಗುವುದರಿಂದಲೂ ಈ ಪ್ರಮಾಣಕ್ಕೆ ಮಹತ್ವವಿದೆ. ಚಿಕ್ಕ ಪ್ಯಾಕೆಟ್ಟನ್ನು ಒಂದು ಲೀಟರಿಗೆ ಬೆರೆಸಿದರೆ ದ್ರಾವಣದ ಬಲ ಐದರಲ್ಲಿ ಒಂದು ಪಾಲಿಗೆ ಇಳಿದು, ಭೇದಿಯಲ್ಲಿ ಹೋದ ಉಪ್ಪು ಮರಳಿ ತುಂಬುವುದಿಲ್ಲ. ದೊಡ್ಡ ಪ್ಯಾಕೆಟ್ಟನ್ನು 200 ಎಂಎಲ್‌ಗೆ ಬೆರೆಸಿದರೆ ಬಲ ಐದು ಪಟ್ಟಾಗಿ ರಕ್ತದಲ್ಲಿ ಉಪ್ಪಿನಂಶ ಅಪಾಯದ ಮಟ್ಟಕ್ಕೆ ಏರಬಹುದು. ಹೀಗಿರುವಾಗ ‘ಓಆರ್‌ಎಸ್ ಹೇಳಲಾಗಿದೆ’ ಎಂಬ ಸಾಲು ನಿರುಪಯುಕ್ತ, ‘ಒಂದು ಲೀಟರಿಗೆ’ ಎಂಬ ಸಾಲು ತಪ್ಪು. ಪ್ಯಾಕೆಟ್ಟಿನ ಅಳತೆಯನ್ನೂ ನೀರಿನ ಅಳತೆಯನ್ನೂ ಜೊತೆಯಾಗಿ, ಕೊನೆಯಲ್ಲಿ ನಿಂತ ಮಾತಿನ ಪ್ರಕಾರ ಬರೆಯಬೇಕು. ಮೊದಲು ಬೇರೆ ಅಳತೆ ಹೇಳಿ ತಿದ್ದಿದ್ದನ್ನೂ ಸೂಚಿಸಬೇಕು, ಏಕೆಂದರೆ ತಾಯಿಯ ನೆನಪಿನಲ್ಲಿ ಮೊದಲ ಮಾತೇ ಉಳಿದಿರುವ ಸಾಧ್ಯತೆ ಇದೆ.

ಮೂರನೆಯ ಭಾಗದಲ್ಲಿ ಎರಡು ಪಟ್ಟಿಗಳು ಬೆರೆಯದಂತೆ ನೋಡಿಕೊಳ್ಳಬೇಕು: ಈಗ ಇರುವ ಅಥವಾ ಇಲ್ಲದ ಚಿಹ್ನೆಗಳು ಒಂದು, ಮುಂದೆ ಕಂಡರೆ ಎಚ್ಚರವಹಿಸಬೇಕೆಂದು ಹೇಳಿದ ಚಿಹ್ನೆಗಳು ಇನ್ನೊಂದು. ಕನ್ನಡದಲ್ಲಿ ಈ ವ್ಯತ್ಯಾಸ ನಿಂತಿರುವುದು ಎಷ್ಟೋ ವೇಳೆ ಒಂದೇ ಅಕ್ಷರದ ಮೇಲೆ. ‘ಕಕ್ಕಿದ’ ಎಂದರೆ ನಡೆದ ಸಂಗತಿ, ‘ಕಕ್ಕಿದರೆ’ ಎಂದರೆ ನಡೆಯಬಹುದಾದದ್ದು. ಗದ್ದಲದ ಕರೆಯಲ್ಲಿ ಕೊನೆಯ ‘ರೆ’ ಕೇಳಿಸದೆ ಹೋದರೆ, ಬರೆಯುವವನು ಮನುಷ್ಯನಾಗಿರಲಿ, ಧ್ವನಿಯನ್ನು ಅಕ್ಷರಕ್ಕಿಳಿಸುವ ಯಂತ್ರವಾಗಿರಲಿ, ಆರೋಗ್ಯವಾಗಿ ಹಾಲು ಕುಡಿಯುತ್ತಿರುವ ಮಗುವಿಗೆ ದಾಖಲೆಯಲ್ಲಿ ಫಿಟ್ಸ್ ಬಂದುಬಿಡುತ್ತದೆ. ಆದ್ದರಿಂದ ಆ ಮಾತನ್ನು ಆಡಿದವರು ಯಾರು ಎಂದು ನೋಡುವುದು ನಂಬಲರ್ಹವಾದ ಪರೀಕ್ಷೆ: ಈಗಿನ ಸ್ಥಿತಿಯ ಸುದ್ದಿ ಸಾಮಾನ್ಯವಾಗಿ ತಾಯಿಯ ಬಾಯಿಂದ, ಮುಂದಿನ ಎಚ್ಚರಿಕೆ ವೈದ್ಯೆಯ ಬಾಯಿಂದ ಬಂದಿರುತ್ತದೆ.

ಬ್ರಿಟನ್ನಿನ ವೈದ್ಯ ರೋಜರ್ ನೈಬರ್ 1987ರ ತಮ್ಮ ಪುಸ್ತಕದಲ್ಲಿ ಈ ಮುಂದಿನ ಎಚ್ಚರಿಕೆಯನ್ನು ಕೆಳಗೆ ಬಿದ್ದರೆ ಹಿಡಿಯುವ ಬಲೆಗೆ ಹೋಲಿಸಿದರು. ತನ್ನ ಊಹೆ ಸರಿಯಿದ್ದರೆ ಏನಾಗಬೇಕು, ತಪ್ಪಾಗಿದ್ದರೆ ಅದು ಹೇಗೆ ಗೊತ್ತಾಗುತ್ತದೆ, ಆಗ ಮಾಡುವುದೇನು ಎಂದು ವೈದ್ಯ ತನ್ನನ್ನೇ ಕೇಳಿಕೊಳ್ಳಬೇಕೆಂಬುದು ಅವರ ವಿಚಾರದ ತಿರುಳು. ಬಲೆ ಇದೆಯೆಂದು ಬರೆಯಬೇಕಾದರೆ ಚಿಹ್ನೆ ಯಾವುದು, ಕಂಡರೆ ಎಲ್ಲಿಗೆ ಹೋಗಬೇಕು, ಎಷ್ಟು ಬೇಗ ಎಂಬ ಮೂರೂ ಇರಬೇಕು. ಕೇಳಿಸಿಕೊಂಡವರಿಗೆ ಅದು ತಿಳಿಯಿತೇ ಎಂಬುದು ಇನ್ನೊಂದು ಮಾತು. ‘ಹೂಂ ಮೇಡಂ’ ಎಂಬುದು ಕೇಳಿಸಿತು ಎಂಬುದಕ್ಕೆ ಮಾತ್ರ ಗುರುತು. ತಾಯಿಯಿಂದಲೇ ಮರಳಿ ಹೇಳಿಸಿದ್ದರೆ ಮಾತ್ರ ತಿಳಿಯಿತೆಂದು ಬರೆಯಬಹುದು.

ಇಷ್ಟನ್ನೂ ಪಾಲಿಸಿದರೆ ಆ ಕರೆಯ ದಾಖಲೆ ಹೀಗೆ ನಿಲ್ಲುತ್ತದೆ:

ತೊಂದರೆ: 14 ತಿಂಗಳ ಗಂಡುಮಗು, ಮಾಹಿತಿ ಕೊಟ್ಟವರು ತಾಯಿ. ಮಾರ್ಚ್ 4ರ ರಾತ್ರಿಯಿಂದ ನೀರಿನಂತಹ ಭೇದಿ, ಈ ಬೆಳಿಗ್ಗೆಯಿಂದ 5–6 ಸಲ. ಒಂದು ಸಲ ಹಾಲು ಕಕ್ಕಿದೆ. ಮೈ ಬಿಸಿ ಇಲ್ಲ. ‘ಸಪ್ಪಗಿದ್ದಾನೆ’, ಆದರೆ ಕರೆದರೆ ನೋಡಿ ನಗುತ್ತಾನೆ, ಎದೆಹಾಲು ಕುಡಿಯುತ್ತಾನೆ, ಮೂತ್ರ ಸುಮಾರು 9:30ಕ್ಕೆ. ಮಲದಲ್ಲಿ ರಕ್ತ: ಕೇಳಿದೆ, ಉತ್ತರವಿಲ್ಲ. ಗುಳಿಬಿದ್ದ ಕಣ್ಣು, ಬಾಯಾರಿಕೆ: ಕೇಳಿಲ್ಲ. ಹಲ್ಲು ಬರುವುದೇ ಕಾರಣವೆಂದು ಅತ್ತೆಯ ಅನಿಸಿಕೆ.
ಸಲಹೆ: 200 ಎಂಎಲ್‌ನ ಓಆರ್‌ಎಸ್ ಪ್ಯಾಕೆಟ್ಟನ್ನು 200 ಎಂಎಲ್ ಕಾಯಿಸಿ ಆರಿಸಿದ ನೀರಿಗೆ (ಮೊದಲು ಒಂದು ಲೀಟರ್ ಎಂದು ಹೇಳಿ ತಿದ್ದಲಾಗಿದೆ), ಪ್ರತಿ ಭೇದಿಯ ನಂತರ 50–100 ಎಂಎಲ್, ಚಮಚದಲ್ಲಿ. ಜಿಂಕ್ 20 ಎಂಜಿ ದಿನಕ್ಕೊಂದು, 14 ದಿನ. ಎದೆಹಾಲು, ಊಟ ಮುಂದುವರಿಕೆ.
ಅಪಾಯದ ಚಿಹ್ನೆಗಳು (ಮುಂದೆ ಕಂಡರೆ ತಕ್ಷಣ ಆಸ್ಪತ್ರೆಗೆ): ಕುಡಿಸಿದ್ದೆಲ್ಲ ವಾಂತಿ, ಹಾಲು ಕುಡಿಯದಿರುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಕು. ತಾಯಿಯಿಂದ ಮರಳಿ ಹೇಳಿಸಿಲ್ಲ.

ಬರೆದಾದ ಮೇಲೆ ಪ್ರತಿ ಸಾಲಿಗೂ ಲಿಖಿತ ಪ್ರತಿಯಲ್ಲಿ ಆಧಾರದ ವಾಕ್ಯ ಯಾವುದೆಂದು ಬೆರಳಿಟ್ಟು ನೋಡಬೇಕು. ಆಧಾರ ಸಿಗದ ಸಾಲನ್ನು ಎಷ್ಟೇ ಸಹಜವಾಗಿ ಕಂಡರೂ ತೆಗೆಯಬೇಕು. ಈ ದಾಖಲೆಯನ್ನು ಓದಿದ ವೈದ್ಯರು ಮೊದಲು ಮಾಡಬೇಕಾದ ಕೆಲಸವೂ ಅದರಲ್ಲೇ ಕಾಣುತ್ತದೆ: ತಾಯಿಗೆ ಮತ್ತೆ ಫೋನ್ ಮಾಡಿ ರಕ್ತದ ಬಗ್ಗೆ ಕೇಳುವುದು. ಮಲದಲ್ಲಿ ರಕ್ತವಿದ್ದರೆ ಅದು ಆಮಶಂಕೆ. ಅದಕ್ಕೆ ಓಆರ್‌ಎಸ್ ಮತ್ತು ಜಿಂಕ್ ಮಾತ್ರ ಸಾಲುವುದಿಲ್ಲ, ಮಗುವನ್ನು ಅದೇ ದಿನ ಕಣ್ಣಾರೆ ಪರೀಕ್ಷಿಸಬೇಕಾಗುತ್ತದೆ.