ಮಾರಾಟದ ಮೊತ್ತವೇ ಲಾಭವಲ್ಲ: ಕ್ರಿಪ್ಟೊ ನೋಟಿಸಿಗೆ ಉತ್ತರ

ರಿಟರ್ನಿನಲ್ಲಿ ಕ್ರಿಪ್ಟೊ ಆದಾಯ ಕಾಣುತ್ತಿಲ್ಲವೆಂದು ಆದಾಯ ತೆರಿಗೆ ಇಲಾಖೆಯಿಂದ ಬರುವ ಪತ್ರ ಎರಡು ಬಗೆಯದು. ಒಂದು, ರಿಟರ್ನನ್ನು ಮತ್ತೊಮ್ಮೆ ನೋಡಿ ಸರಿಪಡಿಸಿಕೊಳ್ಳಿ ಎನ್ನುವ ಇ-ಮೇಲ್. ಇನ್ನೊಂದು, ಸೆಕ್ಷನ್ ನಮೂದಿಸಿ, ಗಡುವು ಕೊಟ್ಟು ಉತ್ತರ ಕೇಳುವ ನೋಟಿಸ್. ಎರಡನೆಯದಕ್ಕೆ ಗಡುವಿನೊಳಗೆ ಪೋರ್ಟಲ್‌ನ e-Proceedings ಭಾಗದಲ್ಲೇ ಉತ್ತರಿಸಬೇಕು. ನೋಟಿಸ್ ಅಸಲಿಯೇ ಎಂಬುದನ್ನು ಅದರ ಮೇಲಿನ DIN ಸಂಖ್ಯೆ ಹಾಕಿ ಅದೇ ಪೋರ್ಟಲ್‌ನಲ್ಲಿ ಪರೀಕ್ಷಿಸಬಹುದು.

ಇಲಾಖೆಗೆ ವಿಷಯ ತಿಳಿಯುವುದು ಹೆಚ್ಚಾಗಿ ಟಿಡಿಎಸ್‌ನಿಂದ. 2022ರ ಜುಲೈ 1ರಿಂದ ಭಾರತದ ಎಕ್ಸ್‌ಚೇಂಜ್‌ಗಳು ಮಾರಾಟದ ಮೊತ್ತದ ಶೇ. 1ರಷ್ಟನ್ನು ಹಿಡಿದು ಕಟ್ಟುತ್ತಿವೆ. ಅದರಿಂದ ಮಾರಿದ ಮೊತ್ತ AISನಲ್ಲಿ ಮೂಡುತ್ತದೆ. ಕೊಂಡ ಬೆಲೆ ಮೂಡುವುದಿಲ್ಲ. ಜನ ಗಾಬರಿಯಾಗುವುದು ಇಲ್ಲಿಯೇ.

ಸಂಬಳದಾರರೊಬ್ಬರು 2023-24ರಲ್ಲಿ 1 ಲಕ್ಷಕ್ಕೆ ಕೊಂಡ ಕಾಯಿನ್ ಅನ್ನು 1.40 ಲಕ್ಷಕ್ಕೆ ಮಾರಿದರು ಎನ್ನೋಣ. ಅದೇ ಹಣದಲ್ಲಿ ಕೊಂಡ ಎರಡನೆಯದು 1.10 ಲಕ್ಷಕ್ಕೆ ಹೋಯಿತು. ಆ ಹಣದಲ್ಲಿ ಕೊಂಡ ಮೂರನೆಯದು 1.50 ಲಕ್ಷ ತಂದಿತು. AISನಲ್ಲಿ ಕಾಣುವುದು 4 ಲಕ್ಷ. ಕೈಗೆ ಉಳಿದ ಲಾಭ 50,000. ಆದರೆ ತೆರಿಗೆ ಬೀಳುವುದು ಈ ಎರಡಕ್ಕೂ ಅಲ್ಲ. ಸೆಕ್ಷನ್ 115BBH ಪ್ರಕಾರ ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ; ಕೊಂಡ ಬೆಲೆ ಬಿಟ್ಟು ಬೇರೆ ಖರ್ಚನ್ನೂ ಕಳೆಯುವಂತಿಲ್ಲ. ಹಾಗಾಗಿ 40,000ದ ಎರಡು ಲಾಭ ಸೇರಿ 80,000ಕ್ಕೆ ಶೇ. 30ರಂತೆ 24,000, ಮೇಲೆ ಶೇ. 4ರ ಸೆಸ್ 960. ಒಟ್ಟು 24,960ರಲ್ಲಿ ಈಗಾಗಲೇ ಹಿಡಿದ ಟಿಡಿಎಸ್ 4,000 ಕಳೆದರೆ ಬಾಕಿ 20,960 ರೂಪಾಯಿ, ಜೊತೆಗೆ ಬಡ್ಡಿ. ಕಠಿಣ ನಿಯಮವೇ ಸರಿ, ಆದರೆ “ಒಟ್ಟಾರೆ ಲಾಭ ಅಷ್ಟಿಲ್ಲ” ಎಂಬ ಉತ್ತರ ಇದರ ಮುಂದೆ ನಿಲ್ಲುವುದಿಲ್ಲ.

ಇವರು ಸಲ್ಲಿಸಿದ್ದು ITR-1. ಅದರಲ್ಲಿ ಕ್ರಿಪ್ಟೊ ತೋರಿಸುವ ಜಾಗವೇ ಇಲ್ಲ. ITR-2 ಅಥವಾ ITR-3ರ Schedule VDA ತುಂಬಬೇಕಿತ್ತು. ಬಂದಿರುವುದು ಬರೀ ಎಚ್ಚರಿಕೆಯ ಇ-ಮೇಲ್ ಆಗಿದ್ದರೆ ITR-U ಮೂಲಕ ತಿದ್ದಬಹುದು. ಇದಕ್ಕೆ ತೆರಿಗೆ ಮತ್ತು ಬಡ್ಡಿಯ ಮೇಲೆ ಹೆಚ್ಚುವರಿ ತೆರಿಗೆ ಉಂಟು. ಈ ವರ್ಷದ ರಿಟರ್ನಿಗೆ ಅದು 2026ರ ಮಾರ್ಚ್ 31ರವರೆಗೆ ಶೇ. 25, ಅಲ್ಲಿಂದ ಮುಂದಿನ ಒಂದು ವರ್ಷ ಶೇ. 50.

ನೋಟಿಸಿನ ಉತ್ತರಕ್ಕೆ ಎಕ್ಸ್‌ಚೇಂಜ್‌ನಿಂದ ಇಳಿಸಿಕೊಂಡ ಪೂರ್ತಿ ವ್ಯವಹಾರ ಪಟ್ಟಿ, ಅದಕ್ಕೆ ತಾಳೆಯಾಗುವ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರತಿ ಮಾರಾಟಕ್ಕೂ ಕೊಂಡ ಬೆಲೆ ತೋರಿಸುವ ಲೆಕ್ಕ ಲಗತ್ತಿಸಬೇಕು. ಸ್ವಂತ ವಾಲೆಟ್‌ಗೆ ಕಾಯಿನ್ ವರ್ಗಾಯಿಸಿದ್ದು ಮಾರಾಟವಲ್ಲವೆಂದು ಬೇರೆಯಾಗಿ ಗುರುತಿಸಬೇಕು. ಕೊಂಡ ಬೆಲೆಗೆ ದಾಖಲೆ ಸಿಗದಿದ್ದರೆ ಅಧಿಕಾರಿ ಪೂರ್ತಿ ಮಾರಾಟದ ಮೊತ್ತವನ್ನೇ ಆದಾಯವೆಂದು ಹಿಡಿಯುವ ಅಪಾಯವಿದೆ. ಮುಚ್ಚಿಟ್ಟದ್ದು ಎಂದು ತೀರ್ಮಾನವಾದರೆ 270A ಪ್ರಕಾರ ದಂಡವೇ ತೆರಿಗೆಯ ಎರಡು ಪಟ್ಟು ಆಗಬಹುದು.