ಹಸ್ತಪ್ರತಿಗೆ ಎಷ್ಟು ತಿದ್ದುಪಡಿ ಬೇಕು?

ಹಸ್ತಪ್ರತಿ ಪುಸ್ತಕವಾಗುವುದರೊಳಗೆ ಮೂರು ಬಗೆಯ ಕಣ್ಣು ಅದರ ಮೇಲೆ ಬೀಳಬೇಕು. ಏನನ್ನು ಹೇಳಬೇಕು, ಯಾವುದು ಮೊದಲು ಬರಬೇಕು, ಎಲ್ಲಿ ಹೆಚ್ಚಾಗಿದೆ, ಎಲ್ಲಿ ಬಿಟ್ಟುಹೋಗಿದೆ ಎಂದು ನೋಡುವುದು ವಸ್ತು ಸಂಪಾದನೆ. ವಾಕ್ಯಗಳನ್ನು ಹದಗೊಳಿಸಿ, ಕಾಗುಣಿತ, ಹೆಸರು, ಇಸವಿಗಳು ಪುಸ್ತಕದುದ್ದಕ್ಕೂ ಒಂದಕ್ಕೊಂದು ಹೊಂದುವಂತೆ ಮಾಡುವುದು ಕಾಪಿ ಎಡಿಟಿಂಗ್. ಪುಟವಿನ್ಯಾಸ ಮುಗಿದ ಮೇಲೆ ಉಳಿದ ತಪ್ಪುಗಳನ್ನು ಹಿಡಿಯುವುದು ಪ್ರೂಫ್ ನೋಡುವ ಕೆಲಸ. ಬರೆದವರು ಸಾಮಾನ್ಯವಾಗಿ ಕೇಳುವುದು ಮಾತ್ರ ಒಂದೇ: “ಸ್ವಲ್ಪ ಪ್ರೂಫ್ ನೋಡಿಕೊಡಿ.” ಪ್ರತಿಗೆ ನಿಜಕ್ಕೂ ಬೇಕಾದದ್ದು ಅದೇ ಆಗಿರುವುದು ಅಪರೂಪ.

ನಿವೃತ್ತ ಶಿಕ್ಷಕರೊಬ್ಬರು ತಮ್ಮ ಊರಿನ ಕೆರೆಯ ಕಥೆಯನ್ನು 60,000 ಪದಗಳಲ್ಲಿ ಬರೆದಿದ್ದಾರೆ ಎಂದುಕೊಳ್ಳೋಣ. ಎರಡನೇ ಅಧ್ಯಾಯದಲ್ಲಿ ಎರಡು ಕೇರಿಯವರು ತೂಬಿನ ನೀರಿಗಾಗಿ ಜಗಳಾಡುತ್ತಾರೆ. ಆ ಜಗಳಕ್ಕೆ ಕಾರಣ 1972ರಲ್ಲಿ ಕೆರೆಯ ಏರಿ ಒಡೆದದ್ದು. ಆದರೆ ಏರಿ ಒಡೆದ ಸಂಗತಿ ಬರುವುದು ಏಳನೇ ಅಧ್ಯಾಯದಲ್ಲಿ. ಅಷ್ಟು ಹೊತ್ತು ಓದುಗನಿಗೆ ಜಗಳ ಯಾಕೆಂದೇ ತಿಳಿಯದು. ನಡುವೆ ಮೂವತ್ತು ಪುಟ ಲೇಖಕರ ವರ್ಗಾವಣೆಯ ವೃತ್ತಾಂತವಿದೆ. ನೀರು ಹಂಚುತ್ತಿದ್ದ ನೀರುಗಂಟಿಯ ಬಗ್ಗೆ ಇರುವುದು ಎರಡೇ ಸಾಲು. ವಸ್ತು ಸಂಪಾದಕ ಇಲ್ಲಿ ಪ್ರತಿಯನ್ನು ತಾನೇ ತಿರುಗಿ ಬರೆಯಲು ಕೂರುವುದಿಲ್ಲ. ಅಧ್ಯಾಯಗಳನ್ನು ಹೇಗೆ ಜೋಡಿಸಬಹುದು, ಯಾವುದನ್ನು ಬಿಡಬಹುದು, ನೀರುಗಂಟಿಯ ಬಗ್ಗೆ ಇನ್ನೇನು ಬೇಕು ಎಂದು ಕೆಲವು ಪುಟಗಳ ಟಿಪ್ಪಣಿ ಬರೆದುಕೊಡುತ್ತಾನೆ. ಮತ್ತೆ ಬರೆಯುವವರು ಲೇಖಕರೇ.

ಕಾಪಿ ಎಡಿಟರ್ ಹಿಡಿಯುವ ತಪ್ಪುಗಳ ಜಾತಿಯೇ ಬೇರೆ. ಒಂದು ಕಡೆ ತಂದೆ ಹುಟ್ಟಿದ್ದು 1955ರಲ್ಲಿ ಎಂದಿದೆ; ಇನ್ನೊಂದು ಕಡೆ, ಏರಿ ಒಡೆದಾಗ ಅವರಿಗೆ ಹತ್ತು ವರ್ಷ. ಲೆಕ್ಕಕ್ಕೆ ಹದಿನೇಳಾಗಬೇಕು. ಯಾವುದು ಸರಿಯೆಂದು ಎಡಿಟರ್ ಊಹಿಸುವಂತಿಲ್ಲ, ಅಂಚಿನಲ್ಲಿ ಪ್ರಶ್ನೆ ಬರೆದು ಲೇಖಕರನ್ನೇ ಕೇಳಬೇಕು. ಪಂಚಾಯತಿ, ಪಂಚಾಯಿತಿ, ಪಂಚಾಯ್ತಿ ಮೂರೂ ಪ್ರತಿಯಲ್ಲಿವೆ. ನಿರೂಪಣೆಗೆ ಒಂದನ್ನು ಆರಿಸಿ, ಆ ನಿರ್ಧಾರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಮುಂದೆ ಪ್ರೂಫ್ ನೋಡುವವರಿಗೂ ಅದೇ ಹಾಳೆ ಆಧಾರ. ಹಳ್ಳಿಯವರ ಬಾಯಲ್ಲಿ ಬಂದ “ಪಂಚಾಯ್ತಿ”ಯನ್ನು ಮಾತ್ರ ಹಾಗೆಯೇ ಬಿಡಬೇಕು. ಆಡುಮಾತನ್ನೆಲ್ಲ ಗ್ರಂಥಸ್ಥ ಕನ್ನಡಕ್ಕೆ ಇಳಿಸುವ ಎಡಿಟರ್ ಏನೂ ಮಾಡದವನಿಗಿಂತ ಹೆಚ್ಚು ಕೆಡಿಸುತ್ತಾನೆ.

ಪ್ರೂಫ್ ನೋಡುವುದು ಕೊನೆಯಲ್ಲಿ ಬರುವುದಕ್ಕೆ ಕನ್ನಡದ ಮಟ್ಟಿಗೆ ಇನ್ನೊಂದು ಕಾರಣವೂ ಇದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಪ್ರತಿಯನ್ನು ಪುಟ ಕಟ್ಟುವಾಗ ನುಡಿಯ ಹಳೆಯ ಫಾಂಟಿಗೆ ಪರಿವರ್ತಿಸುವ ರೂಢಿ ಕೆಲವೆಡೆ ಉಳಿದಿದೆ. ಆಗ ಅರ್ಕಾವತ್ತು ಜಾಗ ತಪ್ಪಬಹುದು, ಒತ್ತಕ್ಷರ ಬಿಟ್ಟುಹೋಗಬಹುದು, ನಡುವಿನ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗಬಹುದು. ಪರಿವರ್ತನೆಗೆ ಮೊದಲೇ ನೋಡಿದ ಪ್ರೂಫ್ ಇವನ್ನು ಹೇಗೆ ಹಿಡಿದೀತು? ಈ ಹಂತದಲ್ಲಿ ವಾಕ್ಯ ಚಂದಗೊಳಿಸಲು ಹೋಗಬಾರದು. ಎರಡು ಸಾಲು ಸೇರಿಸಿದರೆ ಮುಂದಿನ ಪುಟಗಳೆಲ್ಲ ಜರುಗುತ್ತವೆ, ಪರಿವಿಡಿಯ ಪುಟಸಂಖ್ಯೆಯೂ ತಪ್ಪುತ್ತದೆ.

ಯಾವ ಮಟ್ಟದ ಕೆಲಸ ಬೇಕೆಂದು ತಿಳಿಯಲು ಮೊದಲು ಪರಿವಿಡಿ ಹಿಡಿದು ಪ್ರತಿಯನ್ನು ಒಮ್ಮೆ ಓಡಿಸಿ ಓದಿ, ಒಂದೊಂದು ಅಧ್ಯಾಯದ ಸಾರವನ್ನು ಒಂದೊಂದು ವಾಕ್ಯದಲ್ಲಿ ಬರೆಯಬೇಕು. ಅದು ಆಗದಿದ್ದರೆ, ಅಥವಾ ಎರಡು ಅಧ್ಯಾಯಗಳಿಗೆ ಒಂದೇ ವಾಕ್ಯ ಬಂದರೆ, ವಸ್ತು ಸಂಪಾದನೆಯೇ ಆಗಬೇಕು. ಸಾರಗಳು ಕ್ರಮವಾಗಿ ಸಾಗಿದರೆ ಪ್ರತಿಯ ನಡುವಿನಿಂದ ಸುಮಾರು 1,000 ಪದಗಳ ತುಣುಕೊಂದನ್ನು ತಿದ್ದಿ ನೋಡಬೇಕು. ಮೊದಲ ಅಧ್ಯಾಯವನ್ನು ಇದಕ್ಕೆ ಆರಿಸಬಾರದು, ಲೇಖಕರು ಹೆಚ್ಚು ಸಲ ತಿದ್ದಿರುವುದು ಅದನ್ನೇ. ತುಣುಕಿನಲ್ಲಿ ಬರೀ ಅಕ್ಷರದೋಷಗಳಿದ್ದರೆ ಪ್ರೂಫ್ ಸಾಕು. ಸಾಲು ಸಾಲಿಗೂ ವಾಕ್ಯ ಬಿಡಿಸಬೇಕಾಗಿ ಬಂದರೆ, ಲೇಖಕರನ್ನು ಕೇಳಬೇಕಾದ ಪ್ರಶ್ನೆಗಳು ಬೆಳೆಯುತ್ತಾ ಹೋದರೆ, ಅದು ಕಾಪಿ ಎಡಿಟಿಂಗ್‌ನ ಪ್ರತಿ.

ಹೊತ್ತಿನ ಅಂದಾಜೂ ಅದೇ ತುಣುಕಿನಿಂದ ಸಿಗುತ್ತದೆ. ಅಮೆರಿಕದ ‘ಶಿಕಾಗೊ ಮ್ಯಾನುಯಲ್ ಆಫ್ ಸ್ಟೈಲ್’ ಪ್ರಕಾರ ಒಂದು ಲಕ್ಷ ಪದಗಳ ಪ್ರತಿಯ ಕಾಪಿ ಎಡಿಟಿಂಗ್‌ಗೆ ಅನುಭವಿಗೂ 75ರಿಂದ 100 ಗಂಟೆ ಹಿಡಿಯಬಹುದು. ಆ ಲೆಕ್ಕ ಇಂಗ್ಲಿಷಿನದು. ಕನ್ನಡದಲ್ಲಿ ವಿಭಕ್ತಿ, ಸಂಧಿ, ಸಮಾಸಗಳಿಂದ ಪದಗಳು ಉದ್ದ, ಎಣಿಕೆ ಕಡಿಮೆ. ಅದನ್ನು ನೇರವಾಗಿ ತಂದರೆ ಹೊತ್ತು ಸಾಲದು. ಗಂಟೆಗೆ 900 ಪದ ಸಾಗಿದರೆ ಕೆರೆಯ ಪುಸ್ತಕಕ್ಕೆ ಸುಮಾರು 67 ಗಂಟೆ ಬೇಕು, ಲೇಖಕರ ಉತ್ತರ ಬಂದ ಮೇಲೆ ಮತ್ತೊಮ್ಮೆ ನೋಡುವ ಹೊತ್ತು ಬೇರೆ.

ವಸ್ತು ಸಂಪಾದನೆಯ ದುಡ್ಡು ಕೊಡಲಾಗದ ಲೇಖಕರೂ ಇರುತ್ತಾರೆ. ಅವರಿಗೆ ಪ್ರತಿ ಓದಿ ಟಿಪ್ಪಣಿ ಮಾತ್ರ ಕೊಡುವುದು ನಡುದಾರಿ. ಯಾವ ಮಟ್ಟದ ಕೆಲಸವಾದರೂ ಏನೇನು ಸೇರಿದೆ, ಎಷ್ಟು ಸಲ ಓದುವುದು, ಪುಟವಿನ್ಯಾಸದ ನಂತರದ ಪ್ರೂಫ್ ಯಾರ ಹೊಣೆ ಎಂಬುದು ತುಣುಕಿನ ಜೊತೆಗೆ ಬರಹದಲ್ಲಿ ಹೋಗಬೇಕು. ಪಿಎಚ್‌ಡಿ ಪ್ರಬಂಧದ ವಿಷಯ ಬೇರೆ: ಅಲ್ಲಿ ವಾದವೂ ಅದರ ಜೋಡಣೆಯೂ ವಿದ್ಯಾರ್ಥಿಯದೇ ಆಗಿರಬೇಕಾದ್ದರಿಂದ ಭಾಷೆಯ ತಿದ್ದುಪಡಿಗಷ್ಟೇ ನಿಲ್ಲಬೇಕು, ಅದಕ್ಕೂ ಮಾರ್ಗದರ್ಶಕರ ಒಪ್ಪಿಗೆ ಕೇಳಿಕೊಳ್ಳುವುದು ಕ್ಷೇಮ.